ಕಲ್ಯಾಣ ಮಂಟಪ ಮತ್ತು ಕ್ಯಾಟರಿಂಗ್ ಕರಾರು: ಮುಂಗಡ, ರದ್ದತಿ, ಹೆಚ್ಚುವರಿ ಶುಲ್ಕದ ಷರತ್ತುಗಳನ್ನು ಹೆಣ್ಣಿನ ಮನೆಯವರು ಓದಬೇಕಾದ ಬಗೆ

ಮದುವೆಯ ಮಾತುಕತೆ ಮುಗಿದು ದಿನ ಗೊತ್ತಾದ ಕೂಡಲೇ ಹೆಣ್ಣಿನ ಮನೆಯವರು ಮೊದಲು ಓಡುವುದು ಕಲ್ಯಾಣ ಮಂಟಪಕ್ಕೆ. ಅಲ್ಲಿ ದಿನ ಖಾಲಿ ಇದೆ ಎಂಬ ಒಂದೇ ಸಮಾಧಾನದಲ್ಲಿ, ಮ್ಯಾನೇಜರ್ ಮುಂದಿಟ್ಟ ಅಚ್ಚಾದ ಫಾರಂನ ಹಿಂಬದಿಯನ್ನು ಓದದೆ ಸಹಿ ಹಾಕಿ, ಮುಂಗಡ ಕೊಟ್ಟು, ರಸೀದಿ ಹಿಡಿದು ಹೊರಬರುತ್ತಾರೆ. ಹಣದ ಮೇಲೆ ಪರಿಣಾಮ ಬೀರುವ ಷರತ್ತುಗಳೆಲ್ಲ ಇರುವುದು ಆ ಹಿಂಬದಿಯಲ್ಲಿ. ಅವುಗಳಲ್ಲಿ ಮುಂಗಡ, ರದ್ದತಿ ಮತ್ತು ಹೆಚ್ಚುವರಿ ಶುಲ್ಕ ಎಂಬ ಮೂರನ್ನು ಮಾತ್ರ ಇಲ್ಲಿ ತೆಗೆದುಕೊಂಡು, ಪ್ರತಿಯೊಂದನ್ನೂ ರೂಪಾಯಿ ಮತ್ತು ದಿನಾಂಕಗಳಿಗೆ ಇಳಿಸಿ ಓದುವ ಕ್ರಮವನ್ನು ವಿವರಿಸಲಾಗಿದೆ.

ವಿವರಣೆ ಹಿಡಿತಕ್ಕೆ ಸಿಗಲೆಂದು ಒಂದು ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮುಹೂರ್ತ ಮೇ 20ಕ್ಕೆ, ಹಿಂದಿನ ಸಂಜೆ ಆರತಕ್ಷತೆ. ಮಂಟಪದ ಬಾಡಿಗೆ 1,60,000 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಜೊತೆಗೆ ಹಿಂದಿರುಗಿಸಬಹುದಾದ ಠೇವಣಿ 25,000. ಬುಕಿಂಗ್ ಸಮಯದಲ್ಲಿ ಬಾಡಿಗೆಯ ಅರ್ಧ, ಅಂದರೆ 80,000, ಮತ್ತು ಅದರ ತೆರಿಗೆ 14,400 ಕೊಡಬೇಕು. ಅಡುಗೆಯ ಗುತ್ತಿಗೆ ಬೇರೆಯವರದು: ಆರತಕ್ಷತೆಯ ಊಟ 500 ಎಲೆ, ಎಲೆಗೆ 350, ಬೆಳಗಿನ ತಿಂಡಿ 300 ಜನಕ್ಕೆ, ತಲಾ 150, ಮುಹೂರ್ತದ ಊಟ 700 ಎಲೆ, ಎಲೆಗೆ 400. ಒಟ್ಟು 5,00,000 ರೂಪಾಯಿ, ಮುಂಗಡ 1,50,000. ನಿಮ್ಮ ಊರಿನ ದರ ಬೇರೆಯೇ ಇರಬಹುದು, ಆದರೆ ಲೆಕ್ಕ ಹಾಕುವ ಬಗೆ ಒಂದೇ.

ಮೊದಲ ಹೆಜ್ಜೆ: ಕರಾರಿನಲ್ಲಿ ಯಾರ ಹೆಸರಿದೆ ಎಂದು ನೋಡಿ

ಬಾಡಿಗೆಯಲ್ಲಿ ಅರ್ಧ ಗಂಡಿನ ಕಡೆಯವರು ಕೊಡುತ್ತಾರೆಂದು ಮಾತಾಗಿದ್ದರೂ, ಸಹಿ ಹುಡುಗಿಯ ತಂದೆಯದೋ ಸೋದರಮಾವನದೋ ಆಗಿದ್ದರೆ ಮಂಟಪದವರ ಪಾಲಿಗೆ ಬಾಕಿದಾರರು ಅವರೊಬ್ಬರೇ. ಮದುವೆಯ ದಿನ ಬೀಗರ ಕಡೆಯ ಯಾರೋ ಹಿರಿಯರು ಎರಡು ಕೋಣೆ ಹೆಚ್ಚು ತೆಗೆಸಿದರೆ, ಮತ್ತೊಬ್ಬರು ಇನ್ನೊಂದು ಸುತ್ತು ಕಾಫಿ ತರಿಸಿದರೆ, ಅದೆಲ್ಲ ಬರುವುದು ಸಹಿ ಹಾಕಿದವರ ಬಿಲ್ಲಿಗೆ. ಆ ಹೊತ್ತಿನಲ್ಲಿ ಬೀಗರನ್ನು ತಡೆಯುವುದು ಯಾರಿಗೂ ಆಗದ ಕೆಲಸ. ಆದ್ದರಿಂದ ಎರಡೂ ಕರಾರುಗಳಲ್ಲಿ ಒಂದು ಸಾಲು ಸೇರಿಸಿ: "ಈ ಕೆಳಗೆ ಹೆಸರಿಸಿದ ಇಬ್ಬರಲ್ಲಿ ಒಬ್ಬರು ಲಿಖಿತವಾಗಿ ಅಥವಾ ಮೊಬೈಲ್ ಸಂದೇಶದ ಮೂಲಕ ಒಪ್ಪಿದ ಹೆಚ್ಚುವರಿ ಕೆಲಸಕ್ಕೆ ಮಾತ್ರ ಹಣ ಸಲ್ಲುತ್ತದೆ." ಆ ಇಬ್ಬರು ಧಾರೆಯ ಸಮಯದಲ್ಲಿ ಮಂಟಪದ ಮೇಲೆ ಕೂರಬೇಕಾದವರಾಗಿರಬಾರದು, ಹುಡುಗಿಯ ಚಿಕ್ಕಪ್ಪನೋ ದೊಡ್ಡ ಅಣ್ಣನೋ ಆದರೆ ಸರಿ.

ಎರಡನೆಯ ಹೆಜ್ಜೆ: 'ಮುಂಗಡ' ಎಂದು ಕೊಟ್ಟ ಹಣವನ್ನು ಬಿಡಿಸಿ ಬರೆಸಿಕೊಳ್ಳಿ

ಮಂಟಪದ ಕಚೇರಿಯಲ್ಲಿ ಅಡ್ವಾನ್ಸ್ ಎಂಬ ಒಂದೇ ಮಾತಿನಡಿ ಮೂರು ಬಗೆಯ ಹಣ ಸೇರಿಹೋಗುತ್ತದೆ. ದಿನವನ್ನು ನಿಮಗಾಗಿ ಹಿಡಿದಿಟ್ಟುಕೊಳ್ಳಲು ಕೊಡುವ ಖಾತರಿಯ ಹಣ ಒಂದು. ಬಾಡಿಗೆಯ ಒಂದು ಭಾಗವನ್ನು ಮೊದಲೇ ಸಲ್ಲಿಸುವುದು ಎರಡನೆಯದು. ಏನಾದರೂ ಒಡೆದರೆ ಅಥವಾ ಕರೆಂಟ್ ಬಿಲ್ ಬಾಕಿ ಉಳಿದರೆ ಮುರಿದುಕೊಳ್ಳಲೆಂದು ಇಡುವ ಠೇವಣಿ ಮೂರನೆಯದು. ಈ ಮೂರಕ್ಕೂ ಕಾನೂನಿನಲ್ಲಿ ಒಂದೇ ಗತಿಯಿಲ್ಲ. ಒಪ್ಪಂದ ಮುರಿದಾಗ ಮುಟ್ಟುಗೋಲಿನ ಮಾತು ಬರುವುದು ಮುಖ್ಯವಾಗಿ ಖಾತರಿಯ ಹಣದ ಬಗ್ಗೆ. ಠೇವಣಿಯಂತೂ ಕಾರ್ಯಕ್ರಮವೇ ನಡೆಯದಿದ್ದರೆ ಪೂರ್ತಿ ವಾಪಸ್ಸಾಗಬೇಕು, ಏಕೆಂದರೆ ಬಳಸದ ಮಂಟಪದಲ್ಲಿ ಹಾನಿಯಾಗುವುದಕ್ಕೆ ಅವಕಾಶವೇ ಇರುವುದಿಲ್ಲ.

ನಮ್ಮ ಉದಾಹರಣೆಯ ಕುಟುಂಬಕ್ಕೆ ಮಂಟಪದವರು 'ಅಡ್ವಾನ್ಸ್ 1,19,400' ಎಂದು ಒಂದೇ ರಸೀದಿ ಕೊಟ್ಟರೆನ್ನಿ. ಇದನ್ನು ಒಪ್ಪಬಾರದು. ರಸೀದಿಯ ಮೇಲೆ 'ಬಾಡಿಗೆಯ ಭಾಗ 80,000, ಜಿಎಸ್‌ಟಿ 14,400, ಹಿಂದಿರುಗಿಸಬೇಕಾದ ಠೇವಣಿ 25,000' ಎಂದು ಬಿಡಿಸಿ ಬರೆಸಬೇಕು. ಇಲ್ಲದಿದ್ದರೆ ನಾಳೆ ಮದುವೆ ಮುಂದೂಡಿದಾಗ, 'ಮುಂಗಡ ವಾಪಸ್ಸಿಲ್ಲ' ಎಂಬ ಷರತ್ತಿನ ಬಲೆಗೆ ಆ 25,000 ಕೂಡ ಸಿಕ್ಕಿಕೊಳ್ಳುತ್ತದೆ.

ತೆರಿಗೆಯ ಬಗ್ಗೆಯೂ ಇಲ್ಲೇ ಕೇಳಿಬಿಡಿ. ಮಂಟಪದ ಬಾಡಿಗೆಗೆ ಸಾಮಾನ್ಯವಾಗಿ ಶೇಕಡ 18ರ ದರವಿದೆ. ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಆವರಣದಲ್ಲಿ ಸಾರ್ವಜನಿಕರಿಗೆ ಕೊಡುವ ಮಂಟಪದ ಬಾಡಿಗೆ ದಿನಕ್ಕೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ ಜಿಎಸ್‌ಟಿ ವಿನಾಯಿತಿ ಸಿಗಬಹುದು. ಹೊರಗಿನಿಂದ ಬಂದು ಅಡುಗೆ ಮಾಡಿಕೊಡುವ ಕ್ಯಾಟರರ್‌ಗೆ ಸಾಮಾನ್ಯವಾಗಿ ಶೇಕಡ 5. ದೊಡ್ಡ ಹೋಟೆಲುಗಳ ಒಳಗಾದರೆ ದರ ಬೇರೆಯಾಗುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ, ಆದ್ದರಿಂದ ತೆರಿಗೆ ಕೇಳಿದವರ ನೋಂದಣಿ ಸಂಖ್ಯೆ ರಸೀದಿಯ ಮೇಲೆ ಇರಲೇಬೇಕು.

"ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಬಿಡ್ತೀವಿ ಸಾರ್, ಕ್ಯಾಶ್ ಕೊಡಿ" ಎಂಬ ಮಾತು ಹಲವೆಡೆ ಬರುತ್ತದೆ. ಉಳಿತಾಯದಂತೆ ಕಂಡರೂ ಇದು ಹೆಣ್ಣಿನ ಮನೆಯವರಿಗೆ ನಷ್ಟದ ವ್ಯವಹಾರ, ಏಕೆಂದರೆ ಬಿಲ್ಲಿಲ್ಲದ ಹಣವನ್ನು ವಾಪಸ್ ಕೇಳುವಾಗ ಕೊಟ್ಟದ್ದೇ ಸಾಬೀತಾಗುವುದಿಲ್ಲ. ಅಲ್ಲದೆ ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ದಂಡ ಬೀಳುವುದು ಪಡೆದವರಿಗೆ. ಕಂತು ಕಂತಾಗಿ ಬೇರೆ ಬೇರೆ ದಿನ ಕೊಟ್ಟರೂ ಸಮಾರಂಭ ಒಂದೇ ಆದ್ದರಿಂದ ನಿಯಮ ತಪ್ಪುವುದಿಲ್ಲ. ಇದನ್ನು ಮೆಲ್ಲಗೆ ನೆನಪಿಸಿದರೆ ಬಹುಪಾಲು ಮ್ಯಾನೇಜರುಗಳು ಬ್ಯಾಂಕ್ ವರ್ಗಾವಣೆಗೆ ಒಪ್ಪುತ್ತಾರೆ.

ಮೂರನೆಯ ಹೆಜ್ಜೆ: ರದ್ದತಿಯ ಷರತ್ತನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಓದಿ

ಮೂರೂ ಷರತ್ತುಗಳಲ್ಲಿ ಹೆಚ್ಚು ಹಣ ಹೋಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ. ಉದಾಹರಣೆಯ ಕರಾರಿನಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: "ಕಾರ್ಯಕ್ರಮಕ್ಕೆ 90 ದಿನ ಅಥವಾ ಅದಕ್ಕಿಂತ ಮೊದಲು ರದ್ದುಪಡಿಸಿದಲ್ಲಿ ಶೇಕಡ 25, 45ರಿಂದ 89 ದಿನಗಳ ನಡುವೆ ಶೇಕಡ 50, 45 ದಿನಕ್ಕಿಂತ ಕಡಿಮೆ ಇದ್ದಲ್ಲಿ ಶೇಕಡ 100 ಕಡಿತ ಮಾಡಲಾಗುವುದು."

ಓದಿದರೆ ಸ್ಪಷ್ಟವಾಗಿಯೇ ಇದೆ ಎನ್ನಿಸುತ್ತದೆ. ಆದರೆ ಯಾವುದರ ಶೇಕಡ 50? ಬಾಡಿಗೆಯದೋ, ಕೊಟ್ಟ ಮುಂಗಡದ್ದೋ? ಹುಡುಗಿಯ ಅಜ್ಜ ತೀರಿಕೊಂಡು, ಮಾರ್ಚ್ 10ರಂದು ಮದುವೆ ಮುಂದೂಡುವ ನಿರ್ಧಾರವಾಯಿತು ಎನ್ನೋಣ. ಮೇ 20ಕ್ಕೆ ಇನ್ನೂ 71 ದಿನಗಳಿವೆ, ಹಾಗಾಗಿ ನಡುವಿನ ಹಂತ ಅನ್ವಯಿಸುತ್ತದೆ. ಬಾಡಿಗೆಯ ಅರ್ಧ ಎಂದಾದರೆ 80,000 ಪೂರ್ತಿ ಹೋಯಿತು. ಮುಂಗಡದ ಅರ್ಧ ಎಂದಾದರೆ 40,000 ವಾಪಸ್ ಬರುತ್ತದೆ. ಕೊನೆಯ ಹಂತದಲ್ಲಿ ವ್ಯತ್ಯಾಸ ಇನ್ನೂ ಕಠಿಣ: 'ಬಾಡಿಗೆಯ ಶೇಕಡ 100' ಎಂದಿದ್ದರೆ ಮದುವೆ ನಡೆಯದಿದ್ದರೂ ಇನ್ನೂ 80,000 ಕೊಡಿ ಎಂದು ಕೇಳಲು ಅವರಿಗೆ ಕಾಗದದ ಮೇಲೆ ದಾರಿಯಾಗುತ್ತದೆ. 'ಪಾವತಿಸಿದ ಮುಂಗಡದ' ಎಂಬ ಎರಡು ಪದಗಳನ್ನು ಪೆನ್ನಿನಿಂದ ಸೇರಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದರೆ ಈ ದಾರಿ ಮುಚ್ಚುತ್ತದೆ.

ಇನ್ನೊಂದು ಬಿಟ್ಟುಹೋಗುವ ವಿಷಯ, ದಿನಗಳ ಎಣಿಕೆ ಎಲ್ಲಿಂದ ಎಲ್ಲಿಗೆ ಎಂಬುದು. ಆರತಕ್ಷತೆ ಮೇ 19ರ ಸಂಜೆ ಇರುವುದರಿಂದ ಮಂಟಪದವರು 'ಕಾರ್ಯಕ್ರಮ' ಎಂದರೆ 19 ಎನ್ನಬಹುದು, ನೀವು 20 ಎನ್ನಬಹುದು. ಏಪ್ರಿಲ್ 5ರಂದು ಪತ್ರ ಕೊಟ್ಟರೆ ಮೇ 20ಕ್ಕೆ ಸರಿಯಾಗಿ 45 ದಿನ, 19ಕ್ಕೆ 44. ಒಂದೇ ದಿನದ ಅಂತರದಲ್ಲಿ ಕಡಿತ ಶೇಕಡ 50ರಿಂದ ನೂರಕ್ಕೆ ಜಿಗಿಯುತ್ತದೆ. ಆದ್ದರಿಂದ ಕರಾರಿನಲ್ಲಿ 'ಕಾರ್ಯಕ್ರಮದ ದಿನವೆಂದರೆ ಮೇ 20' ಎಂದೂ, 'ರದ್ದತಿಯ ದಿನವೆಂದರೆ ಇಮೇಲ್ ಅಥವಾ ವಾಟ್ಸಾಪ್ ಸಂದೇಶ ಕಳುಹಿಸಿದ ದಿನ' ಎಂದೂ ಬರೆಸಿ. ಫೋನಿನಲ್ಲಿ ಹೇಳಿದ್ದು ರದ್ದತಿಯಲ್ಲ. "ಯಜಮಾನ್ರು ಊರಲ್ಲಿಲ್ಲ, ಬಂದ ಮೇಲೆ ಮಾತಾಡೋಣ" ಎಂಬ ಉತ್ತರ ಬಂದರೂ ಲಿಖಿತ ಸಂದೇಶವನ್ನು ಅದೇ ದಿನ ಕಳುಹಿಸಬೇಕು, ಏಕೆಂದರೆ ಯಜಮಾನರು ಬರುವುದರೊಳಗೆ ಹಂತ ದಾಟಿಹೋಗಬಹುದು.

ಇನ್ನು 'ಯಾವ ಕಾರಣಕ್ಕೂ ಮುಂಗಡ ಹಿಂದಿರುಗಿಸಲಾಗುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ? ಬಹಳ ಮಂದಿ ಇದನ್ನು ಓದಿದ ಕೂಡಲೇ ಹಣದ ಆಸೆ ಬಿಡುತ್ತಾರೆ. ಆದರೆ ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಒಪ್ಪಂದ ಮುರಿದರೆ ಇಷ್ಟು ಹಣ ಎಂದು ಕರಾರಿನಲ್ಲಿ ಬರೆದಿದ್ದರೂ ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ಬರೆದಿರುವ ಮೊತ್ತ ಅದರ ಗರಿಷ್ಠ ಮಿತಿಯಷ್ಟೇ. ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ, ಖಾತರಿಯ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಇದೇ ಕಲಂ ಅನ್ವಯಿಸುತ್ತದೆ, ನಷ್ಟವೇ ಆಗದಿದ್ದಲ್ಲಿ ಪರಿಹಾರದ ಪ್ರಶ್ನೆಯಿಲ್ಲ ಎಂದು ಹೇಳಿತು. ಅದು ಜಮೀನಿನ ಹರಾಜಿನ ಪ್ರಕರಣ. ಆದರೆ ತತ್ವ ಎಲ್ಲ ಕರಾರುಗಳಿಗೂ ಸೇರಿದ್ದು. ನಷ್ಟದ ಲೆಕ್ಕ ಹಾಕುವಾಗ, ಅದನ್ನು ಕಡಿಮೆ ಮಾಡಿಕೊಳ್ಳುವ ದಾರಿ ನಷ್ಟ ಹೊಂದಿದವರ ಕೈಯಲ್ಲಿತ್ತೇ ಎಂಬುದನ್ನೂ ನೋಡಬೇಕೆಂದು ಅದೇ ಕಾಯ್ದೆಯ 73ನೇ ಕಲಂ ಹೇಳುತ್ತದೆ.

ಮಂಟಪದ ವಿಷಯದಲ್ಲಿ ನಷ್ಟ ಕಡಿಮೆ ಮಾಡಿಕೊಳ್ಳುವ ದಾರಿ ಎಂದರೆ ಅದೇ ದಿನವನ್ನು ಬೇರೆಯವರಿಗೆ ಕೊಡುವುದು. ಒಳ್ಳೆಯ ಮುಹೂರ್ತದ ದಿನವಾದರೆ ಎರಡು ತಿಂಗಳ ಮುಂಚೆ ಬಿಟ್ಟುಕೊಟ್ಟ ಮಂಟಪ ಹಾಗೇ ಖಾಲಿ ಬೀಳುವುದು ಅಪರೂಪ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 28ರಂದು ಅದೇ ಮೇ 20 ಇನ್ನೊಂದು ಕುಟುಂಬಕ್ಕೆ 1,40,000ಕ್ಕೆ ಹೋಯಿತು ಎನ್ನಿ. ಮಂಟಪಕ್ಕೆ ಆದ ನಿಜವಾದ ನಷ್ಟ 20,000. ಹಾಗಾದರೆ 80,000ದಲ್ಲಿ 60,000ವನ್ನೂ ಅದರ ತೆರಿಗೆ 10,800ನ್ನೂ ವಾಪಸ್ ಕೇಳುವುದು ನ್ಯಾಯವಾದ ಬೇಡಿಕೆ. ಮದುವೆ ಮುಂದೂಡಿದವರು ಮೇ 20ರಂದು ಆ ಮಂಟಪದ ಮುಂದೆ ಹೋಗಿ, ಬಾಗಿಲಲ್ಲಿ ಹಾಕಿದ ವಧೂವರರ ಹೆಸರಿನ ಫಲಕದ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಸ್ವಲ್ಪ ಮುಜುಗರದ ಕೆಲಸವೇ ಸರಿ, ಆದರೆ ಮುಂದೆ ವಾದ ಬಂದಾಗ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಜಗಳವಾದ ಮೇಲೆ ಕಲಂ ತೋರಿಸುವುದಕ್ಕಿಂತ ಸಹಿಗೆ ಮುಂಚೆ ಈ ಸಾಲು ಸೇರಿಸುವುದು ಸುಲಭ: "ರದ್ದಾದ ದಿನಾಂಕಕ್ಕೆ ಮಂಟಪವು ಬೇರೆಯವರಿಗೆ ಬಾಡಿಗೆಗೆ ಹೋದಲ್ಲಿ, ಬಾಡಿಗೆಯಲ್ಲಾದ ಕೊರತೆ ಮತ್ತು 5,000 ರೂಪಾಯಿ ಕಚೇರಿ ವೆಚ್ಚವನ್ನು ಮಾತ್ರ ಕಳೆದು ಉಳಿದ ಮುಂಗಡವನ್ನು 15 ದಿನಗಳೊಳಗೆ ಹಿಂದಿರುಗಿಸಲಾಗುವುದು." ಮಂಟಪದವರಿಗೆ ಇದರಿಂದ ಏನೂ ಹೋಗುವುದಿಲ್ಲವಾದ್ದರಿಂದ, ಮಿಕ್ಕ ಷರತ್ತುಗಳಿಗೆ ಜಗ್ಗದವರೂ ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು.

"ಟ್ಯಾಕ್ಸ್ ಗವರ್ಮೆಂಟಿಗೆ ಕಟ್ಟಾಯ್ತು, ಅದು ಬರಲ್ಲ" ಎಂಬ ಉತ್ತರ ಅರ್ಧ ಮಾತ್ರ ಸರಿ. ಸೇವೆಯನ್ನೇ ಕೊಡದೆ ಮುಂಗಡ ಹಿಂದಿರುಗಿಸುವಾಗ ರೀಫಂಡ್ ವೋಚರ್ ಎಂಬ ದಾಖಲೆ ಮಾಡಿ ತೆರಿಗೆಯನ್ನು ಸರಿಹೊಂದಿಸಿಕೊಳ್ಳಲು ಜಿಎಸ್‌ಟಿಯಲ್ಲಿ ವ್ಯವಸ್ಥೆಯಿದೆ. ಆದರೆ ಅವರು ಕಡಿತ ಮಾಡಿ ಇಟ್ಟುಕೊಂಡ ಭಾಗಕ್ಕೆ ಮೂಲ ಸೇವೆಯ ದರದಲ್ಲೇ ತೆರಿಗೆ ಬೀಳುತ್ತದೆ, ಅಷ್ಟು ತೆರಿಗೆ ವಾಪಸ್ ಸಿಗುವುದಿಲ್ಲ.

ಮುಂದೂಡಿಕೆಯನ್ನು ರದ್ದತಿಯಿಂದ ಬೇರೆ ಮಾಡಿ ಬರೆಸಬೇಕು. ಮನೆಯಲ್ಲಿ ಸೂತಕವಾದಾಗ ಮದುವೆ ನಿಲ್ಲುವುದಿಲ್ಲ, ಮುಂದೆ ಹೋಗುತ್ತದೆ. ಒಂದು ವರ್ಷದೊಳಗೆ ಖಾಲಿ ಇರುವ ಬೇರೆ ದಿನಕ್ಕೆ ಪೂರ್ತಿ ಮುಂಗಡ ವರ್ಗಾಯಿಸುವ ಅವಕಾಶವನ್ನು ಕೇಳಿ. ಆಗ ಬಾಡಿಗೆ ಹೆಚ್ಚಿದ್ದರೆ ವ್ಯತ್ಯಾಸ ಕೊಡುತ್ತೇವೆ ಎಂದು ನೀವೇ ಹೇಳಿ.

ಮಂಟಪದವರೇ ಕೈಕೊಟ್ಟರೆ ಏನು ಎಂಬುದು ಅಚ್ಚಾದ ಫಾರಂಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಅಥವಾ 'ಆಡಳಿತ ಮಂಡಳಿಯು ಕಾರಣ ನೀಡದೆ ಬುಕಿಂಗ್ ರದ್ದುಪಡಿಸಬಹುದು, ಮುಂಗಡ ಮಾತ್ರ ಹಿಂದಿರುಗಿಸಲಾಗುವುದು' ಎಂದಿರುತ್ತದೆ. ಲಗ್ನಪತ್ರಿಕೆ ಹಂಚಿದ ಮೇಲೆ ಮುಂಗಡ ಮಾತ್ರ ವಾಪಸ್ ಬಂದರೆ ಹೆಣ್ಣಿನ ಮನೆಯವರ ಗತಿ ಏನು? ಸೂಕ್ತ ಕಾರಣವಿಲ್ಲದೆ ಒಂದು ಕಡೆಯವರೇ ಕರಾರು ಕೊನೆಗಾಣಿಸುವ ಅಧಿಕಾರವನ್ನೂ, ಆದ ನಷ್ಟಕ್ಕೆ ಹೋಲಿಸಿದರೆ ವಿಪರೀತವಾದ ದಂಡವನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬ ವ್ಯಾಖ್ಯೆಯಡಿ ತರುತ್ತದೆ. ಕರಾರಿನಲ್ಲಿ, 'ಮಂಟಪದ ಕಡೆಯಿಂದ ರದ್ದಾದಲ್ಲಿ ಮುಂಗಡದ ಜೊತೆಗೆ, ಅದೇ ದಿನಕ್ಕೆ ಸಮಾನವಾದ ಬೇರೆ ಮಂಟಪ ಹಿಡಿಯಲು ತಗಲುವ ಹೆಚ್ಚಿನ ಬಾಡಿಗೆಯನ್ನು ಕೊಡಬೇಕು' ಎಂದು ಬರೆಸಿ.

ಸರ್ಕಾರದ ಆದೇಶದಿಂದಲೋ ನೆರೆಯಿಂದಲೋ ಸಮಾರಂಭ ನಡೆಸುವುದೇ ಅಸಾಧ್ಯವಾದರೆ ಕರಾರು ಅನೂರ್ಜಿತವಾಗುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 56ನೇ ಕಲಂ. ಹಾಗಾದಾಗ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎನ್ನುತ್ತದೆ 65ನೇ ಕಲಂ. 2020ರ ಲಾಕ್‌ಡೌನ್ ಕಾಲದಲ್ಲಿ ಮದುವೆಯ ಮುಂಗಡಗಳ ವಿವಾದ ಎದ್ದದ್ದು ಇಂಥ ಸಂದರ್ಭದಲ್ಲೇ. ಆದರೆ ಸಂಬಂಧ ಮುರಿದುಬೀಳುವುದು, ಮನೆಯಲ್ಲಿ ಸಾವು, ಹುಡುಗನ ರಜೆ ಸಿಗದಿರುವುದು ಇದರಡಿ ಬರುವುದಿಲ್ಲ. ಅವು ನಿಮ್ಮ ಕಡೆಯ ಕಾರಣಗಳು, ಮಂಟಪ ತೆರೆದೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಅಡುಗೆಯವರ ರದ್ದತಿಯನ್ನು ಬೇರೆಯೇ ಅಳತೆಯಲ್ಲಿ ನೋಡಿ

ಮಂಟಪದ ನಷ್ಟ ದಿನ ಖಾಲಿ ಬೀಳುವುದರಲ್ಲಿದ್ದರೆ, ಅಡುಗೆಯವರ ನಷ್ಟ ದಿನಸಿ ಮತ್ತು ಕೆಲಸಗಾರರಲ್ಲಿದೆ. ದಿನಸಿ, ತರಕಾರಿ ತರುವುದು ಕೊನೆಯ ಕೆಲವು ದಿನಗಳಲ್ಲಿ. ಬಡಿಸುವವರಿಗೂ ಸಹಾಯಕರಿಗೂ ಮುಂಗಡ ಕೊಡುವುದು ಅದಕ್ಕೂ ತುಸು ಮೊದಲು. ಆದ್ದರಿಂದ ಎರಡು ತಿಂಗಳ ಮುಂಚೆ ರದ್ದಾದರೂ 1,50,000 ಪೂರ್ತಿ ಅವರದೇ ಎನ್ನುವ ಷರತ್ತಿಗೆ ಆಧಾರ ತೆಳು. 30 ದಿನ ಮೊದಲಾದರೆ ಮುಂಗಡದ ಒಂದು ಸಣ್ಣ ಭಾಗ, ಕೊನೆಯ ವಾರದಲ್ಲಾದರೆ ಖರೀದಿಯ ಬಿಲ್ ತೋರಿಸಿದಷ್ಟು ಎಂಬ ಏರಿಕೆಯ ಕ್ರಮ ಇಬ್ಬರಿಗೂ ಸರಿಹೋಗುತ್ತದೆ.

ಅಡುಗೆಯವರ ಕರಾರಿನಲ್ಲಿ ಪೂರ್ತಿ ರದ್ದತಿಗಿಂತ ಭಾಗಶಃ ರದ್ದತಿ, ಅಂದರೆ ಎಲೆಗಳ ಸಂಖ್ಯೆ ಇಳಿಸುವುದು, ಹೆಚ್ಚು ಸಲ ಎದುರಾಗುತ್ತದೆ. 700 ಎಲೆ ಎಂದು ಬರೆದದ್ದು ಖಾತರಿ ಸಂಖ್ಯೆ. 560 ಜನ ಉಂಡರೂ 700ಕ್ಕೆ ಹಣ ಕೊಡಬೇಕು. ಹೀಗಾಗಿ ಮೊದಲ ದಿನವೇ ದೊಡ್ಡ ಸಂಖ್ಯೆ ಹೇಳಿಬಿಡುವುದು ತಪ್ಪು. ಸಹಿಯ ದಿನ ಅಂದಾಜು ಸಂಖ್ಯೆ, ಮದುವೆಗೆ 7 ದಿನ ಮುಂಚೆ ಅಂತಿಮ ಸಂಖ್ಯೆ, ಎರಡರ ನಡುವೆ ಶೇಕಡ 20ರವರೆಗೆ ಏರಿಳಿತಕ್ಕೆ ಅವಕಾಶ ಎಂದು ಬರೆಸಿಕೊಳ್ಳಿ. ಅಂತಿಮ ಸಂಖ್ಯೆಯನ್ನು ನಿರೀಕ್ಷೆಗಿಂತ ಸ್ವಲ್ಪ ಕೆಳಗೇ ಇಡಿ, ಆದರೆ ಹೆಚ್ಚಾದ ಎಲೆಯ ದರ ಎಷ್ಟು ಎಂಬುದನ್ನು ನೋಡಿದ ಮೇಲೆ ಮಾತ್ರ.

ಐದನೆಯ ಹೆಜ್ಜೆ: ಹೆಚ್ಚುವರಿ ಶುಲ್ಕಕ್ಕೆ ಅಳತೆ ಯಾವುದು, ಅಳೆಯುವವರು ಯಾರು ಎಂದು ಬರೆಸಿ

ಹೆಚ್ಚುವರಿ ಶುಲ್ಕದ ಜಗಳಗಳು ದರದ ಮೇಲೆ ನಡೆಯುವುದು ಕಡಿಮೆ, ಎಣಿಕೆಯ ಮೇಲೆ ನಡೆಯುವುದೇ ಹೆಚ್ಚು. ಎಲೆ ಲೆಕ್ಕವನ್ನೇ ನೋಡಿ. ಖಾತರಿಗಿಂತ ಹೆಚ್ಚಾದ ಎಲೆಗೆ ಒಂದೂವರೆ ಪಟ್ಟು, ಅಂದರೆ 600 ರೂಪಾಯಿ ಎಂದು ಕರಾರಿನಲ್ಲಿದೆ. ಮದುವೆ ಮುಗಿದು, ಹುಡುಗಿಯನ್ನು ಕಳುಹಿಸಿಕೊಡುವ ಹೊತ್ತಿಗೆ ಸರಿಯಾಗಿ ಅಡುಗೆಯವರು 790 ಎಲೆ ಆಯಿತು ಎನ್ನುತ್ತಾರೆ. ಹೆಚ್ಚುವರಿ 90 ಎಲೆಗೆ 54,000. ಆ ಗಳಿಗೆಯಲ್ಲಿ ವಾದಿಸುವ ಮನಸ್ಸು ಯಾರಿಗಿರುತ್ತದೆ?

ಇದನ್ನು ಪರೀಕ್ಷಿಸಲು ಪಂಕ್ತಿ ಲೆಕ್ಕ ಬೇಕು. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ 180 ಜನ ಕೂರುತ್ತಾರೆ ಎಂಬುದು ಮೇಜುಗಳನ್ನು ಎಣಿಸಿದರೆ ತಿಳಿಯುತ್ತದೆ. ಮೊದಲ ಮೂರು ಪಂಕ್ತಿ ತುಂಬಿದವು, ನಾಲ್ಕನೆಯದರಲ್ಲಿ 150, ಕೊನೆಯದರಲ್ಲಿ ಮನೆಯವರು 45 ಜನ. ಒಟ್ಟು 735. ಹಾಗಾದರೆ 790 ಎಲ್ಲಿಂದ ಬಂತು? ಹರಿದು ಬದಲಿಸಿದ ಎಲೆ, ಹಾಸಿದ್ದರೂ ಯಾರೂ ಕೂರದ ಎಲೆ, ಅಡುಗೆಯವರ ಸ್ವಂತ ಕೆಲಸಗಾರರು ಉಂಡ ಎಲೆ, ಎಲ್ಲವೂ ಅಡುಗೆಯವರು ಬಿಚ್ಚಿದ ಎಲೆ ಕಟ್ಟುಗಳ ಲೆಕ್ಕದಲ್ಲಿ ಸೇರಿದೆ. ಉಂಡ ಎಲೆಯ ಲೆಕ್ಕವಾದರೆ ಹೆಚ್ಚುವರಿ 35, ಹಣ 21,000. ಎಣಿಕೆಯ ಬಗೆ ಬರೆಯದಿದ್ದುದಕ್ಕೆ ಬೆಲೆ 33,000 ರೂಪಾಯಿ.

ಕರಾರಿನಲ್ಲಿ ಹೀಗಿರಲಿ: 'ಊಟಕ್ಕೆ ಕುಳಿತವರ ಎಲೆ ಮಾತ್ರ ಲೆಕ್ಕಕ್ಕೆ, ಪ್ರತಿ ಪಂಕ್ತಿಯ ಸಂಖ್ಯೆಯನ್ನು ಎರಡೂ ಕಡೆಯವರು ಆಗಲೇ ಒಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು.' ಹುಡುಗಿಯ ಕಡೆಯಿಂದ ಕಾಲೇಜು ಓದುವ ಇಬ್ಬರು ಹುಡುಗರನ್ನು ಊಟದ ಹಾಲಿಗೆ ನೇಮಿಸಿ. ಮಜ್ಜಿಗೆ ಬಡಿಸುವ ಹೊತ್ತಿಗೆ ಎಲ್ಲರೂ ಕುಳಿತಿರುತ್ತಾರಾದ್ದರಿಂದ ಎಣಿಸಲು ಅದು ಸರಿಯಾದ ಸಮಯ. ವಾಲಗದವರು, ಫೋಟೋಗ್ರಾಫರ್, ಚಾಲಕರ ಊಟ ಲೆಕ್ಕಕ್ಕೆ ಬರುತ್ತದೆಯೇ, ಚಿಕ್ಕ ಮಕ್ಕಳಿಗೆ ಅರ್ಧ ದರವೇ ಎಂಬುದನ್ನೂ ಮೊದಲೇ ಕೇಳಿ. ಬಫೆಯಾದರೆ ಎಲೆಯ ಬದಲು ತಟ್ಟೆ: ಆರಂಭಕ್ಕೆ ಇಟ್ಟ ತಟ್ಟೆಗಳಲ್ಲಿ ಉಳಿದದ್ದನ್ನು ಕಳೆಯಬೇಕು, ತೊಳೆದು ಮತ್ತೆ ಇಟ್ಟದ್ದನ್ನು ಪ್ರತ್ಯೇಕವಾಗಿ ಬರೆಯಬೇಕು.

ಮಂಟಪದ ಕಡೆ ಇದೇ ಮಾತು ಕರೆಂಟ್ ಮೀಟರಿಗೆ ಅನ್ವಯಿಸುತ್ತದೆ. 'ವಿದ್ಯುತ್ ವೆಚ್ಚ ವಾಸ್ತವಾಂಶದಂತೆ' ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಯೂನಿಟ್‌ಗೆ ಎಷ್ಟು, ಯಾವ ಮೀಟರ್, ಯಾವಾಗಿಂದ ಎಂಬುದು ಬೇಕು. ಬೀಗದ ಕೈ ಪಡೆಯುವಾಗ ಮೀಟರಿನ ಫೋಟೋ, ಬಿಡುವಾಗ ಇನ್ನೊಂದು ಫೋಟೋ. ಉದಾಹರಣೆಯ ಕುಟುಂಬಕ್ಕೆ 860 ಯೂನಿಟ್, ಯೂನಿಟ್‌ಗೆ 25ರಂತೆ 21,500 ಎಂದು ಬಿಲ್ ಬಂತು. ಫೋಟೋಗಳ ಅಂತರ 640, ಅಂದರೆ 16,000. ಹಿಂದಿನ ಸಮಾರಂಭದವರು ಬಿಟ್ಟಾಗಿನ ರೀಡಿಂಗ್‌ನಿಂದ ಲೆಕ್ಕ ಹಿಡಿದದ್ದರಿಂದ, ನಡುವೆ ತೊಳೆಯಲು, ನೀರೆತ್ತಲು ಬಳಸಿದ ಕರೆಂಟ್ ಇವರ ತಲೆಗೆ ಬಂದಿತ್ತು. ಫೋಟೋ ತೋರಿಸಿದ ಮೇಲೆ ಇಂಥ ವಾದ ಬೆಳೆಯುವುದಿಲ್ಲ. ಜನರೇಟರಿಗೂ ಗಂಟೆಯ ಮೀಟರ್ ಇರುತ್ತದೆ, ಅದನ್ನೂ ಹಾಗೆಯೇ ನೋಡಬೇಕು.

ಮಂಟಪ ಬಿಡುವ ಸಮಯ ಮಧ್ಯಾಹ್ನ 4 ಗಂಟೆ ಎಂದಿದ್ದರೆ, 4 ಎಂದರೆ ಅತಿಥಿಗಳು ಹೊರಡುವುದೋ, ಅಡುಗೆಯವರ ಕೊನೆಯ ಪಾತ್ರೆ ವ್ಯಾನಿಗೆ ಏರುವುದೋ? ತಡವಾದ ಪ್ರತಿ ಗಂಟೆಗೆ ದಂಡವಿದ್ದರೆ ಇದು ಮುಖ್ಯ, ಏಕೆಂದರೆ ತಡ ಮಾಡುವವರು ಹೆಚ್ಚಾಗಿ ಡೆಕೋರೇಷನ್‌ನವರು ಮತ್ತು ಅಡುಗೆಯವರು, ಹಣ ಕೊಡುವವರು ನೀವು. ಅರ್ಧ ಗಂಟೆಯ ರಿಯಾಯಿತಿ ಕೇಳಿ, ಮತ್ತು ಅವರಿಂದಾದ ತಡದ ದಂಡ ಅವರ ಬಾಕಿಯಲ್ಲೇ ಕಡಿತವಾಗುತ್ತದೆ ಎಂದು ಅವರ ಕರಾರಿನಲ್ಲಿ ಬರೆಯಿರಿ.

ಕೊನೆಗೆ ಎರಡು ಕರಾರುಗಳನ್ನೂ ಅಕ್ಕಪಕ್ಕ ಇಟ್ಟು ಓದಿ. ಗ್ಯಾಸ್ ಸಿಲಿಂಡರ್, ದೊಡ್ಡ ಪಾತ್ರೆಗಳು, ಕುಡಿಯುವ ನೀರು, ಅಡುಗೆಮನೆ ತೊಳೆಯುವುದು, ಎಂಜಲೆಲೆ ಸಾಗಿಸುವುದು, ಇವು ಮಂಟಪದವರ ಪ್ರಕಾರ ಅಡುಗೆಯವರ ಕೆಲಸ, ಅಡುಗೆಯವರ ಪ್ರಕಾರ ಮಂಟಪದ್ದು. ಎರಡರಲ್ಲೂ ಬರೆಯದೆ ಉಳಿದದ್ದು ಮದುವೆಯ ದಿನ ಹೆಣ್ಣಿನ ಮನೆಯವರ ಕಿಸೆಯಿಂದ ಹೋಗುತ್ತದೆ. ಎರಡರಲ್ಲೂ ಬರೆದದ್ದಕ್ಕೆ ಎರಡು ಸಲ ಹಣ ಹೋಗುತ್ತದೆ. ಕ್ಲೀನಿಂಗ್ ಚಾರ್ಜ್ ಹೀಗೆ ಎರಡೂ ಬಿಲ್ಲುಗಳಲ್ಲಿ ಕಾಣಿಸಿಕೊಳ್ಳಬಹುದು. ಹೊರಗಿನ ಅಡುಗೆಯವರನ್ನು ಕರೆತಂದರೆ ಮಂಟಪಕ್ಕೆ ಬೇರೆ ಶುಲ್ಕ ಕೊಡಬೇಕೇ ಎಂಬುದನ್ನು ಅಡುಗೆಯವರಿಗೆ ಮುಂಗಡ ಕೊಡುವ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನವಿಲ್ಲ.

ಆರನೆಯ ಹೆಜ್ಜೆ: ಠೇವಣಿ ವಾಪಸ್ಸು, ಮತ್ತು ಬಾರದಿದ್ದರೆ

ಬೀಗದ ಕೈ ಪಡೆಯುವಾಗ ಕೋಣೆಗಳ, ಬಾತ್‌ರೂಮ್‌ಗಳ, ಕುರ್ಚಿ ಮತ್ತು ಗೋಡೆಗಳ ಒಂದು ಚಿಕ್ಕ ವೀಡಿಯೋ ಮಾಡಿ. ಮೊದಲೇ ಒಡೆದಿದ್ದ ನಲ್ಲಿಗೆ ನೀವು ಹಣ ಕೊಡದಿರಲು ಅದೊಂದೇ ಆಧಾರ. 'ಹಾನಿಯ ಮೌಲ್ಯವನ್ನು ಆಡಳಿತ ಮಂಡಳಿ ನಿರ್ಧರಿಸುವುದು' ಎಂಬ ಷರತ್ತಿನ ಬದಲು 'ರಿಪೇರಿಯ ಬಿಲ್ ತೋರಿಸಿ ಕಡಿತ, ಉಳಿದದ್ದು 7 ದಿನಗಳೊಳಗೆ ಅದೇ ಬ್ಯಾಂಕ್ ಖಾತೆಗೆ' ಎಂದಿರಲಿ. ಬಿಡುವ ದಿನ ಬಾಕಿ ಲೆಕ್ಕದಲ್ಲಿ ಒಪ್ಪದ ಮೊತ್ತವಿದ್ದರೆ, ಅದನ್ನು ಕೊಡಲೇಬೇಕಾದ ಪರಿಸ್ಥಿತಿ ಬಂದರೂ ಬಿಲ್ಲಿನ ಮೇಲೆ 'ಆಕ್ಷೇಪಣೆಯೊಂದಿಗೆ ಪಾವತಿಸಲಾಗಿದೆ' ಎಂದು ಬರೆದು ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ.

ಹಣ ಬಾರದಿದ್ದರೆ ಮೊದಲು ಲೆಕ್ಕ ಸಹಿತ ಒಂದು ಪತ್ರ, 15 ದಿನಗಳ ಗಡುವಿನೊಂದಿಗೆ, ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ, ನ್ಯಾಯಾಲಯದ ಮೆಟ್ಟಿಲೇರದೆ ರಾಜಿಯ ಮಾತುಕತೆಗೆ ದಾರಿಯಾಗಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಂಟಪ ಬೇರೆ ಊರಿನಲ್ಲಿದ್ದರೂ ಸರಿಯೇ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ವಿವಾದ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಒಂದು ಸೂಕ್ಷ್ಮವನ್ನು ಗಮನಿಸಿ: ಷರತ್ತೇ ಅನ್ಯಾಯದ ಕರಾರು ಎಂದು ಪ್ರಶ್ನಿಸುವ ದೂರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಜಿಲ್ಲಾ ಆಯೋಗದ ಮುಂದೆ ಸೇವೆಯಲ್ಲಿನ ಕೊರತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಯ ಆಧಾರದ ಮೇಲೆ ಹಣ ವಾಪಸ್ ಕೇಳಬೇಕು. ದೂರಿನ ಜೊತೆಗೆ ಕರಾರಿನ ಎರಡೂ ಬದಿಯ ಪ್ರತಿ, ಬಿಡಿಸಿ ಬರೆದ ರಸೀದಿ, ರದ್ದತಿಯ ಸಂದೇಶ, ಪಂಕ್ತಿ ಪುಸ್ತಕದ ಹಾಳೆ ಮತ್ತು ಮೀಟರಿನ ಎರಡು ಫೋಟೋಗಳನ್ನು ಲಗತ್ತಿಸಿ.